ಹೋಗಿ ಬನ್ನಿ, ಅಕ್ಕಾ

ಕಳೆದ ವರ್ಷ ಒಂದು ಸೋಮವಾರ ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಮೀಟಿಂಗ್ ರೂಮಿಗೆ ಕರೆದು ಬಾಗಿಲು ಹಾಕಿದರು. "ಅಕ್ಕಾ ಈ ತಿಂಗಳ ಕೊನೆಗೆ ಬಿಡ್ತಿದ್ದಾರೆ. ತಬ್ಯತ್ ಕಾರಣ. ಫೇರ್‌ವೆಲ್ ಮೆಸೇಜ್ ನೀನೇ ಬರೆದುಬಿಡು, ನೀವಿಬ್ಬರೂ ಕನ್ನಡದವರು, ನಿನಗೆ ಸರಿಯಾಗಿ ಬರುತ್ತೆ" ಅಂದರು. ನಾನು ಆಯ್ತು ಅಂದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಕೊನೆಗೆ ಅದಕ್ಕೆ ಒಂಬತ್ತು ದಿನ ಹಿಡಿಯಿತು.

ನಮ್ಮ ಆಫೀಸು ಪುಣೆಯ ಹಿಂಜವಡಿಯಲ್ಲಿದೆ. ತಂಡದಲ್ಲಿ ಹದಿನೆಂಟು ಜನ, ಅದರಲ್ಲಿ ಕನ್ನಡದವರು ಅಕ್ಕ ಮತ್ತು ನಾನು ಇಬ್ಬರೇ. ಅವರು ಧಾರವಾಡದವರು, ನಾನು ಸಾಗರದ ಕಡೆಯವನು. ನಾನು ಸೇರಿದ ಮೊದಲ ವಾರ ಅವರನ್ನು 'ಮೇಡಂ' ಅಂತ ಕರೆದಾಗ "ಮೇಡಂ ಗೀಡಂ ಬ್ಯಾಡ ತಮ್ಮಾ, ಅಕ್ಕಾ ಅನ್ನು" ಅಂದಿದ್ದರು. ಮರಾಠಿಯಲ್ಲೂ ಅಕ್ಕಾ ಅನ್ನುವ ಮಾತು ಇರುವುದರಿಂದ ಉಳಿದವರಿಗೂ ಅದು ಸಲೀಸಾಯಿತು. ವರ್ಷ ಕಳೆಯುವುದರೊಳಗೆ ಇಡೀ ಫ್ಲೋರಿಗೇ ಅವರು ಅಕ್ಕ. ಅವರ ಕಾಯಿಲೆ ಯಾವುದು ಅಂತ ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ಓದುತ್ತಾ ನಿಮಗೇ ತಿಳಿಯುತ್ತದೆ.

ಅವತ್ತು ರಾತ್ರಿ ಮನೆಗೆ ಬಂದು ಮೊದಲ ಡ್ರಾಫ್ಟ್ ಬರೆದೆ. ಕಣ್ಣಲ್ಲಿ ನೀರು ಬರುವ ಹಾಗೆ ಬಂತು ಅಂತ ನನಗೇ ಅನಿಸಿತು. ಬೆಳಿಗ್ಗೆ ಎದ್ದು ಓದಿದಾಗ ಎಣಿಸಿ ನೋಡಿದೆ. ಹದಿನಾಲ್ಕು ಸಾಲಿನಲ್ಲಿ 'ಆರೋಗ್ಯ' ನಾಲ್ಕು ಸಲ, 'ಧೈರ್ಯ' ಮೂರು ಸಲ, 'ಹೋರಾಟ' ಎರಡು ಸಲ, 'ಬೇಗ ಗುಣಮುಖರಾಗಿ ಮರಳಿ ಬನ್ನಿ' ಒಂದು ಸಲ. ಅಕ್ಕ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಈ ಕಂಪನಿಯಲ್ಲಿ ಏನು ಮಾಡಿದರು ಅನ್ನುವುದರ ಬಗ್ಗೆ ಒಂದೇ ಸಾಲು. ಅದೂ ಯಾರಿಗೆ ಬೇಕಾದರೂ ಒಪ್ಪುವಂಥದ್ದು: 'ನೀವು ನಮಗೆಲ್ಲ ಮಾರ್ಗದರ್ಶಕರಾಗಿದ್ದಿರಿ.' ಹೆಸರು ಅಳಿಸಿ ಆಸ್ಪತ್ರೆಯಲ್ಲಿರುವ ಯಾರಿಗೆ ಕಳಿಸಿದರೂ ನಡೆಯುವ ಪತ್ರ ಅದು.

ಓದುತ್ತಿದ್ದ ಹಾಗೆ ಅಪ್ಪನ ನೆನಪಾಯಿತು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೈ ಸರಿಯಿಲ್ಲದೆ ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಕೆಲಸ ಬಿಟ್ಟರು. ಶಾಲೆಯಲ್ಲಿ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡಿದ್ದರು. ನಾನು ಆಗ ಎಂಸಿಎ ಓದುತ್ತಿದ್ದೆ, ರಜೆ ಹಾಕಿ ಬಂದಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಏಳು ಜನ ಮಾತಾಡಿದರು. ಏಳೂ ಜನ ಅಪ್ಪನ ಕಾಯಿಲೆಯ ಬಗ್ಗೆಯೇ ಮಾತಾಡಿದರು. ಇಂಥ ಕಷ್ಟದಲ್ಲೂ ಶಾಲೆಗೆ ಬರುತ್ತಿದ್ದರು, ದೇವರು ಅವರಿಗೆ ಶಕ್ತಿ ಕೊಡಲಿ, ಕುಟುಂಬಕ್ಕೆ ಧೈರ್ಯ ಕೊಡಲಿ. ಒಬ್ಬರ ಗಂಟಲು ಕಟ್ಟಿ ಮಾತು ನಿಂತೇಹೋಯಿತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಮನೆಗೆ ಬಂದ ಅಪ್ಪ ಶಾಲನ್ನು ಕುರ್ಚಿಯ ಮೇಲೆ ಹಾಕಿ ಅಮ್ಮನಿಗೆ ಹೇಳಿದರು: "ಇಪ್ಪತ್ತೊಂಬತ್ತು ವರ್ಷ ಲೆಕ್ಕ ಹೇಳಿಕೊಟ್ಟೆ ಕಣೇ. ಒಬ್ಬರೂ ಲೆಕ್ಕದ ಸುದ್ದಿ ಎತ್ತಲಿಲ್ಲ."

ಆ ಮಾತು ಆಗ ನನಗೆ ಅಷ್ಟಾಗಿ ನಾಟಿರಲಿಲ್ಲ. ಈಗ ನನ್ನ ಡ್ರಾಫ್ಟಿನ ಮುಂದೆ ಕೂತಾಗ ನಾಟಿತು. ಆ ಏಳು ಜನರ ಜೊತೆ ನಾನು ಎಂಟನೆಯವನಾಗಿ ನಿಂತಿದ್ದೆ.

ಅದನ್ನು ಹರಿದುಹಾಕಿ ಎರಡನೆಯದನ್ನು ಬರೆದೆ. ಈ ಸಲ ಕಾಯಿಲೆಯ ಸುಳಿವೇ ಇರದ ಹಾಗೆ ನೋಡಿಕೊಂಡೆ. 'ಹೊಸ ಅಧ್ಯಾಯ', 'ಮುಂದಿನ ಪಯಣಕ್ಕೆ ಶುಭಾಶಯ' ಎಲ್ಲ ಬಂತು. ಹೆಂಡತಿಗೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, "ಯಾಕೆ, ಅವರಿಗೆ ಬೇರೆ ಕಡೆ ಒಳ್ಳೆ ಆಫರ್ ಬಂತಾ?" ಅಂದಳು. ಅಲ್ಲಿಗೆ ಅದೂ ಮುಗಿಯಿತು. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವನ್ನು ಗೊತ್ತೇ ಇಲ್ಲದವರ ಹಾಗೆ ಬರೆದರೆ ಓದುವ ಅಕ್ಕನಿಗೆ ಏನನಿಸಬೇಕು? ಇವರಿಗೆ ನನ್ನ ಸುದ್ದಿ ಅಂದರೆ ಮುಜುಗರ ಅಂತ ತಾನೇ?

ಮೂರನೆಯ ದಿನ ನನಗೆ ಹೊಳೆದದ್ದು ಬಹಳ ಸಣ್ಣ ಸಂಗತಿ. ನಾನು ಹೆಂಡತಿಯನ್ನು ಕೇಳಿದ್ದೆ, ಮ್ಯಾನೇಜರನ್ನು ಕೇಳಿದ್ದೆ, ಅಕ್ಕನನ್ನು ಕೇಳಿರಲಿಲ್ಲ. ಯಾರ ಸುದ್ದಿಯೋ ಅವರೇ ಅದು ಎಷ್ಟು ಹೊರಗೆ ಬರಬೇಕು ಅಂತ ಹೇಳಬೇಕು. ಮ್ಯಾನೇಜರ್ ನನಗೆ ಹೇಳಿದ್ದೇ ನಿಜಕ್ಕೂ ಅಕ್ಕನ ಒಪ್ಪಿಗೆಯ ಮೇಲೋ ಅಲ್ಲವೋ ನನಗೆ ತಿಳಿದಿರಲಿಲ್ಲ.

ಸಂಜೆ ಗೇಟಿನ ಹೊರಗಿನ ಟಪರಿಯಲ್ಲಿ ಚಹಾ ಕುಡಿಯುವಾಗ ನೇರವಾಗಿ ಕೇಳಿದೆ. "ಅಕ್ಕಾ, ಮೇಲ್ ಬರೆಯೋಕೆ ನನಗೆ ಹೇಳಿದ್ದಾರೆ. ಏನು ಬರೀಲಿ, ಏನು ಬೇಡ? ನೀವು ಹೇಳಿದ ಹಾಗೆ ಬರೀತೀನಿ."

ಅವರು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಆರಾಮಿಲ್ಲ ಅನ್ನೂದು ಎಲ್ಲಾರಿಗೂ ಗೊತ್ತೈತಿ ತಮ್ಮಾ. ಮುಚ್ಚಬ್ಯಾಡ, ಪೂರಾ ಬಿಚ್ಚಲೂಬ್ಯಾಡ. ತಬ್ಯತ್ತಿನ ಸಲುವಾಗಿ ಕೆಲಸ ಬಿಟ್ಟು ಊರಿಗೆ ಹೊಂಟಾಳ ಅಂತ ಒಂದ ಸಾಲು ಬರಿ, ಸಾಕು. ಮುಂದ ಕೆಲಸದ ಮಾತು ಬರಿ. ಮತ್ತ ಆ ಫೈಟರ್ ಗೀಟರ್ ಅಂತ ಬರೀಬ್ಯಾಡ. ನಾ ಯಾರ ಜೋಡೀನೂ ಜಗಳಾ ಮಾಡಾಕ ಹೊಂಟಿಲ್ಲ."

ಇಬ್ಬರೂ ನಕ್ಕೆವು. ಒಂದು ನಿಮಿಷ ಬಿಟ್ಟು ಅವರೇ ಮುಂದುವರಿಸಿದರು. "ಇನ್ನೊಂದು. 'ಲಗೂ ವಾಪಸ್ ಬರ್ರಿ' ಅಂತ ಎಲ್ಲಾರೂ ಅಂತಾರ. ಬರತೀನೋ ಇಲ್ಲೋ ನನಗ ಗೊತ್ತಿಲ್ಲ. ಹ್ಞೂಂ ಅಂದ್ರ ಸುಳ್ಳು ಹೇಳಿದಂಗ ಆಕ್ಕೈತಿ, ಇಲ್ಲ ಅಂದ್ರ ಅವರ ಮಾರಿ ಸಣ್ಣದಾಕ್ಕೈತಿ. ಅದಕ್ಕ ಅದೂ ಬ್ಯಾಡ."

ಮೂರು ದಿನದಿಂದ ನಾನು ಗುದ್ದಾಡುತ್ತಿದ್ದದ್ದಕ್ಕೆ ಐದು ನಿಮಿಷದಲ್ಲಿ ದಾರಿ ಸಿಕ್ಕಿತು. ಅವರ ಮಾತಿನಿಂದ ನನಗೆ ಅರ್ಥವಾದದ್ದು ಇದು: ಒಂದು ಹಾರೈಕೆ ಓದಿದವರಿಂದ ಉತ್ತರ ಕೇಳುವಂತಿದ್ದರೆ ಅದು ಅವರ ಮೇಲೆ ಹೊರೆ. 'ಧೈರ್ಯವಾಗಿರಿ' ಅಂದರೆ ಅವರು ಧೈರ್ಯ ತೋರಿಸಬೇಕು. 'ಬೇಗ ಬನ್ನಿ' ಅಂದರೆ ಭರವಸೆ ಕೊಡಬೇಕು. 'ಈಗ ಹೇಗಿದ್ದೀರಿ?' ಅಂದರೆ ಹದಿನೇಳು ಜನಕ್ಕೆ ಹದಿನೇಳು ಸಲ ವರದಿ ಒಪ್ಪಿಸಬೇಕು. 'ಏನಾದರೂ ಬೇಕಿದ್ದರೆ ಹೇಳಿ' ಅನ್ನುವುದೂ ಹಾಗೆಯೇ. ಏನು ಬೇಕು ಅಂತ ಯೋಚಿಸುವ ಕೆಲಸ, ಕೇಳುವ ಸಂಕೋಚ ಎರಡೂ ಅವರ ಪಾಲಿಗೇ ಉಳಿಯುತ್ತದೆ.

ಆಮೇಲೆ ಕೆಲಸವನ್ನು ಎರಡಾಗಿ ಮಾಡಿದೆ. ಎಲ್ಲರಿಗೂ ಹೋಗುವ ಮೇಲ್ ಒಂದು, ಅಕ್ಕನಿಗೆ ಮಾತ್ರ ನಾನು ಬರೆಯುವ ಪತ್ರ ಇನ್ನೊಂದು. ಎರಡನ್ನೂ ಬೆರೆಸಿದ್ದೇ ಮೊದಲು ನಾನು ಮಾಡಿದ ತಪ್ಪು. ನನ್ನ ಸಂಕಟವನ್ನು ಎಲ್ಲರೆದುರು ಅವರ ಮೇಲೆ ಹಾಕಲು ಹೊರಟಿದ್ದೆ.

ಎಲ್ಲರಿಗೂ ಹೋಗುವ ಮೇಲ್ ಇಂಗ್ಲಿಷಿನಲ್ಲಿ ಎಂಟು ಸಾಲು. ಮೊದಲ ಸಾಲು ಅಕ್ಕನೇ ಹೇಳಿದ್ದು. ನಂತರ ಅವರು ಕಟ್ಟಿದ ಮೂರು ಕೆಲಸಗಳ ಹೆಸರು: ತಿಂಗಳ ಕೊನೆಯ ಬ್ಯಾಚ್ ಜಾಬ್, ರಾತ್ರಿ ಫೋನ್ ಬಂದರೆ ಏನು ಮಾಡಬೇಕು ಅಂತ ಹೇಳುವ ರನ್‌ಬುಕ್, ಹೊಸಬರಿಗೆ ಮೊದಲ ಎರಡು ವಾರದ ಪಾಠ. ಮುಂದೆ ಅದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ, ಕೊನೆಯ ದಿನ ಎಷ್ಟು ಹೊತ್ತಿಗೆ ಎಲ್ಲಿ ಸೇರಬೇಕು. ಕಳಿಸುವ ಮುಂಚೆ ಅಕ್ಕನಿಗೆ ತೋರಿಸಿದೆ. ಒಂದು ಪದ ತಿದ್ದಿದರು.

ಅಷ್ಟರಲ್ಲಿ ತಂಡದ ಹುಡುಗಿಯೊಬ್ಬಳು ದೊಡ್ಡ ಕಾರ್ಡ್ ತಂದು ಸಹಿಗೆ ಬಿಟ್ಟಿದ್ದಳು. ನನ್ನ ಟೇಬಲ್ಲಿಗೆ ಬರುವ ಹೊತ್ತಿಗೆ ಮೂವರು 'ಗೆಟ್ ವೆಲ್ ಸೂನ್' ಅಂತ ಬರೆದಾಗಿತ್ತು. ಅವರನ್ನು ದೂರಿ ಏನು ಪ್ರಯೋಜನ? ಮೊದಲ ದಿನ ನಾನೂ ಅದನ್ನೇ ಬರೆದಿದ್ದೆ. ಜನಕ್ಕೆ ಬೇರೆ ಏನು ಬರೆಯಬೇಕು ಅಂತ ಹೊಳೆಯುವುದಿಲ್ಲ, ಅಷ್ಟೇ. ಕಾರ್ಡಿನ ಮೇಲೆ ಒಂದು ಹಳದಿ ಚೀಟಿ ಅಂಟಿಸಿದೆ: 'ಅಕ್ಕನಿಂದ ನೀವು ಕಲಿತ ಒಂದು ವಿಷಯ ಬರೆಯಿರಿ.' ಆಮೇಲೆ ಬಂದದ್ದೆಲ್ಲ ಬೇರೆಯೇ ಆಯಿತು. ಸಾತಾರಾದ ಹುಡುಗ 'ರಾತ್ರಿ ಮೂರಕ್ಕೆ ಫೋನ್ ಬಂದರೆ ಮೊದಲು ಒಂದು ಲೋಟ ನೀರು ಕುಡಿ, ಆಮೇಲೆ ಲಾಗ್ ತೆಗೆ' ಅಂತ ಬರೆದ. ಇನ್ನೊಬ್ಬಳು 'ಗೊತ್ತಿಲ್ಲ ಅಂತ ಕ್ಲೈಂಟ್ ಎದುರು ಹೇಳಬಹುದು ಅಂತ ಕಲಿತೆ' ಅಂದಳು. ಹೌಸ್‌ಕೀಪಿಂಗಿನ ಮಾವಶಿ ತಾನು ಹೇಳಿ ಬೇರೆಯವರಿಂದ ಬರೆಸಿದರು: ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಅಂತ.

ಕಾಯಿಲೆಯ ವಿಷಯದಲ್ಲಿ ಕಾಳಜಿ ಬೇಡವೇ ಅಂತ ನೀವು ಕೇಳಬಹುದು. ಬೇಕು. ಆದರೆ ಅದಕ್ಕೆ ಜಾಗ ಕಾರ್ಡಿನಲ್ಲಿ ಇಲ್ಲ, ಎಚ್‌ಆರ್‌ನವರ ಟೇಬಲ್ಲಿನಲ್ಲಿ ಇದೆ. ಆಫೀಸಿನ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಂತುಹೋಗುತ್ತದೆ. ವಿಮೆ ಅತಿ ಹೆಚ್ಚು ಬೇಕಾದ ದಿನವೇ ಅದು ಕೈಬಿಡುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕುವ ಅವಕಾಶ ಇದೆ, ಅದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಕಂಪನಿ ತಪಾಸಣೆ ಕೇಳಬಹುದು, ಷರತ್ತು ಹಾಕಬಹುದು, ಒಪ್ಪಿಯೇ ಒಪ್ಪುತ್ತದೆ ಅಂತ ಇಲ್ಲ. ಆದರೆ ಒಪ್ಪಿದರೆ ಹಳೆಯ ಪಾಲಿಸಿಯಲ್ಲಿ ಕಳೆದ ಕಾಯುವ ಅವಧಿ ಲೆಕ್ಕಕ್ಕೆ ಸಿಗುತ್ತದೆ. ಕೆಲಸ ಬಿಟ್ಟ ಮೇಲೆ ನೆನಪಾದರೆ ತಡವಾಗಬಹುದು, ಕೆಲಸದಲ್ಲಿ ಇರುವಾಗಲೇ ಅರ್ಜಿ ಹಾಕುವುದು ಒಳ್ಳೆಯದು. ಇದನ್ನು ಅಕ್ಕನಿಗೆ ಒಂದು ಸಲ ಹೇಳಿದೆ. "ಹ್ಞಾಂ, ಅದ ಮರತಿದ್ದೆ ನೋಡು" ಅಂದರು. ಮಾರನೆಯ ದಿನ ಇಬ್ಬರೂ ಎಚ್‌ಆರ್ ಹತ್ತಿರ ಹೋಗಿ ಫಾರಂ, ಹಳೆಯ ಪಾಲಿಸಿಯ ದಾಖಲೆ ತೆಗೆದುಕೊಂಡೆವು. ಪತ್ರದಲ್ಲಿ ಇದರ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ಪತ್ರ ಮಾತ್ರ ಉಳಿದಿತ್ತು. ಅದನ್ನು ಆಫೀಸಿನ ಮೇಲ್‌ಗೆ ಕಳಿಸುವುದು ಬೇಡ ಅನಿಸಿತು. ಕೊನೆಯ ದಿನ ಸಂಜೆ ಲಾಗಿನ್ ಮುಚ್ಚಿದರೆ ಅದರ ಜೊತೆಗೇ ಪತ್ರವೂ ಹೋಗುತ್ತದೆ. ಕಾಗದದ ಮೇಲೆ, ಕನ್ನಡದಲ್ಲಿ, ಕೈಯಿಂದ ಬರೆದೆ. ಎಷ್ಟು ವರ್ಷವಾಗಿತ್ತೋ, ಎರಡು ಹಾಳೆ ಕೆಡಿಸಿದ ಮೇಲೆ ಅಕ್ಷರ ಕೈಗೆ ಹತ್ತಿತು. ಅಕ್ಕನನ್ನು ಕೇಳಿಯೇ ಅದನ್ನು ಇಲ್ಲಿ ಕೊಡುತ್ತಿದ್ದೇನೆ.

'ಅಕ್ಕಾ,

2014ರ ಆ ಶುಕ್ರವಾರದ ರಾತ್ರಿ ನಿಮಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ. ಹನ್ನೆರಡು ರೆಕಾರ್ಡ್ ತಿದ್ದಬೇಕಿತ್ತು. ನಾನು ಬರೆದ ಷರತ್ತು ತಪ್ಪಿ ಪರದೆಯ ಮೇಲೆ 8,416 ಅಂತ ಬಂತು. ನನ್ನ ಕೈ ತಣ್ಣಗಾಗಿತ್ತು. ನೀವು ಹಿಂದಿನಿಂದ ಬಂದು "ಕೈ ತಗಿ ತಮ್ಮಾ, ಏನೂ ಒತ್ತಬ್ಯಾಡ" ಅಂದಿರಿ. COMMIT ಇನ್ನೂ ಕೊಟ್ಟಿರಲಿಲ್ಲ. ನೀವೇ ROLLBACK ಅಂತ ಟೈಪ್ ಮಾಡಿ, ಮತ್ತೆ ಎಣಿಸಿ ನೋಡಿ, "ಎಲ್ಲಾ ಇದ್ದಲ್ಲೇ ಐತಿ" ಅಂದಿರಿ. ಸೋಮವಾರದ ಮೀಟಿಂಗಿನಲ್ಲಿ ನನ್ನ ಹೆಸರು ಬರುತ್ತದೆ ಅಂತ ಎರಡು ದಿನ ನಿದ್ದೆ ಮಾಡಿರಲಿಲ್ಲ. ಬರಲಿಲ್ಲ. ರನ್‌ಬುಕ್ಕಿನಲ್ಲಿ ಒಂದು ಹೊಸ ಸಾಲು ಮಾತ್ರ ಬಂದಿತ್ತು: UPDATE ಮಾಡುವ ಮುಂಚೆ ಅದೇ WHERE ಹಾಕಿ SELECT ಮಾಡಿ, ಸಂಖ್ಯೆ ನೋಡಿ. ಆ ಸಾಲು ಇವತ್ತಿಗೂ ಅಲ್ಲಿದೆ. ಅದು ಯಾಕೆ ಬಂತು ಅಂತ ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಈಗ ನನ್ನ ಕೆಳಗೆ ನಾಲ್ಕು ಜನ ಇದ್ದಾರೆ. ಅವರಲ್ಲಿ ಯಾರಾದರೂ ತಪ್ಪು ಮಾಡಿದಾಗ ನಾನು ಮೊದಲು ಅವರ ಕೀಬೋರ್ಡಿನ ಹತ್ತಿರ ಹೋಗುತ್ತೇನೆ, ಹೆಸರು ಹೇಳುವ ಕಡೆಗೆ ಹೋಗುವುದಿಲ್ಲ. ಇದು ನಿಮ್ಮಿಂದ ಬಂದದ್ದು.

ಈ ಊರಿನಲ್ಲಿ ನನಗೆ ದಿನಕ್ಕೆ ಒಂದು ಸಲವಾದರೂ ಕನ್ನಡ ಕೇಳಿಸುತ್ತಿದ್ದದ್ದು ನಿಮ್ಮ ಟೇಬಲ್ಲಿನಲ್ಲಿ. ಇನ್ನು ಮೇಲೆ ಊಟದ ಡಬ್ಬಿ ತೆಗೆದಾಗ "ಏನ ತಂದಿ ಇವತ್ತ?" ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಜಾರಾಗುತ್ತದೆ. ಅದನ್ನು ಬಚ್ಚಿಡುವುದಿಲ್ಲ.

ಪ್ರತಿ ತಿಂಗಳ ಒಂದನೇ ತಾರೀಖು ನಿಮ್ಮ ಬ್ಯಾಚ್ ಜಾಬ್ ಓಡಿತೋ ಇಲ್ಲವೋ ಅಂತ ಒಂದು ಸಾಲು ನಿಮ್ಮ ಫೋನಿಗೆ ಕಳಿಸುತ್ತೇನೆ. ಉತ್ತರ ಬೇಡ. ಓದಬೇಕು ಅಂತಲೂ ಇಲ್ಲ. ಸಾಕೆನಿಸಿದರೆ ಸಾಕು ಅನ್ನಿ, ನಿಲ್ಲಿಸುತ್ತೇನೆ. ದೀಪಾವಳಿಗೆ ಊರಿಗೆ ಹೋಗುವಾಗ ಧಾರವಾಡದಲ್ಲಿ ಇಳಿಯುತ್ತೇನೆ. ನೀವು ಬಾ ಅಂದರೆ ಮನೆಗೆ ಬರುತ್ತೇನೆ, ಬೇಡ ಅಂದರೆ ಪೇಢೆ ಕಟ್ಟಿಸಿಕೊಂಡು ಮುಂದೆ ಹೋಗುತ್ತೇನೆ.

ಹೋಗಿ ಬನ್ನಿ, ಅಕ್ಕಾ.'

ಕೊನೆಯ ಸಾಲಿನ ಬಗ್ಗೆ ಬಹಳ ಯೋಚಿಸಿದ್ದೆ. 'ವಾಪಸ್ ಬನ್ನಿ' ಬೇಡ ಅಂತ ಅವರು ಹೇಳಿದ್ದರಲ್ಲ, ಇದೂ ಅದೇ ಆಗುತ್ತದೆಯೇ ಅಂತ. ಆದರೆ ನಮ್ಮ ಮನೆಗಳಲ್ಲಿ ಯಾರೂ ಹೊಸ್ತಿಲು ದಾಟುವಾಗ 'ಹೋಗುತ್ತೇನೆ' ಅನ್ನುವುದಿಲ್ಲ, 'ಹೋಗಿ ಬರ್ತೀನಿ' ಅನ್ನುತ್ತಾರೆ. ಸಂತೆಗೆ ಹೋಗುವವರೂ ಹಾಗೇ ಅನ್ನುತ್ತಾರೆ, ಮದುವೆಯಾಗಿ ದೂರದೂರಿಗೆ ಹೋಗುವವಳೂ ಹಾಗೇ ಅನ್ನುತ್ತಾಳೆ. ಯಾವಾಗ ಬರುತ್ತೀ ಅಂತ ಅದರಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಹಾಗಾಗಿ ಇರಲಿ ಅಂತ ಬಿಟ್ಟೆ.

ಕೊನೆಯ ದಿನ ಅಕ್ಕ ಲ್ಯಾಪ್‌ಟಾಪ್ ಒಪ್ಪಿಸಿ, ಐಡಿ ಕಾರ್ಡ್ ಕೊಟ್ಟು, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ತಂದು ಎಲ್ಲರಿಗೂ ಹಂಚಿದರು. ಮ್ಯಾನೇಜರ್ ಎರಡು ಮಾತು ಆಡಿದರು, ಎರಡೂ ಕೆಲಸದ ಮಾತು. ಕಾರ್ಡನ್ನು ಅಕ್ಕ ಅಲ್ಲೇ ನಿಂತು ಪೂರ್ತಿ ಓದಿದರು. ಮಾವಶಿಯ ಬೆಳ್ಳುಳ್ಳಿಯ ಸಾಲಿಗೆ ಬಂದಾಗ "ತಪ್ಪ ಬರಸ್ಯಾಳ ನೋಡ, ಇಷ್ಟಕ್ಕ ಎಂಟು ಎಸಳು!" ಅಂತ ಜೋರಾಗಿ ನಕ್ಕರು. ನನ್ನ ಪತ್ರವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. "ರೈಲಿನಾಗ ಓದತೀನಿ" ಅಂದರು. ಕ್ಯಾಬ್ ಹತ್ತುವಾಗ ಬಾಗಿಲು ಹಿಡಿದುಕೊಂಡು, "ಬರತೀನಿ ತಮ್ಮಾ" ಅಂದರು. ಅವರೇ ಅಂದದ್ದು.

ಮುಂದಿನ ತಿಂಗಳು ಒಂದನೇ ತಾರೀಖು ಬೆಳಿಗ್ಗೆ 'ಓಡಿತು' ಅಂತ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: 'ಎಷ್ಟ ಹೊತ್ತು ಹಿಡೀತು?' ನಲವತ್ತೇಳು ನಿಮಿಷ ಅಂದೆ. 'ಮೊದಲ ಮೂವತ್ತು ಇತ್ತು. ಇಂಡೆಕ್ಸ್ ನೋಡ್ರಿ' ಅಂತ ಬಂತು. ನೋಡಿದೆವು. ಬಿಡುಗಡೆಯೊಂದರಲ್ಲಿ ಟೇಬಲ್ ಹೊಸದಾಗಿ ಮಾಡುವಾಗ ಒಂದು ಇಂಡೆಕ್ಸ್ ಬಿಟ್ಟುಹೋಗಿತ್ತು.

ಅದರ ಮುಂದಿನ ತಿಂಗಳು ಉತ್ತರ ಬರಲಿಲ್ಲ. ಎರಡು ನೀಲಿ ಗೆರೆ ಮಾತ್ರ ಬಂತು. 'ಹೇಗಿದ್ದೀರಿ?' ಅಂತ ಟೈಪ್ ಮಾಡಿದೆ, ಅಳಿಸಿದೆ. ದೀಪಾವಳಿಗೆ ಇನ್ನೂ ಆರು ವಾರ ಇತ್ತು. ಆ ತಿಂಗಳು ಜಾಬ್ ಇಪ್ಪತ್ತೊಂಬತ್ತು ನಿಮಿಷದಲ್ಲಿ ಮುಗಿದಿತ್ತು. ಅದನ್ನೂ ಒಂದು ಸಾಲು ಬರೆದು ಕಳಿಸಿದೆ.